ಮೂರನೇ ಟ್ಯೂಬು

ಎಲ್ಲರಿಗೂ ನಮಸ್ಕಾರ. ಶಾಲು ಹೊದಿಸಿದ್ದೀರಿ, ಪೇಟ ಇಟ್ಟಿದ್ದೀರಿ. ಪೇಟ ಸ್ವಲ್ಪ ಸಡಿಲ, ಮಾತಿನ ನಡುವೆ ಕಣ್ಣಿಗೆ ಜಾರಿದರೆ ನಗಬೇಡಿ.

ಮೊದಲು ಸಾಲ ತೀರಿಸಿಬಿಡ್ತೀನಿ. ವಿಭಾಗದ ಡಾಕ್ಟರುಗಳಿಗೆ, ರಜೆ ಬೇಕೆಂದಾಗಲೆಲ್ಲ ಪಾಳಿ ಬದಲಿಸಿಕೊಂಡ ಗೆಳೆಯರಿಗೆ, ಹೋದ ವರ್ಷ ನಾನು ಮಲಗಿದಾಗ ಮನೆ ತನಕ ಬಂದವರಿಗೆ, ಕಂಪ್ಯೂಟರ್ ಕಲಿಸುವಾಗ ಒಮ್ಮೆಯೂ ನಿಟ್ಟುಸಿರು ಬಿಡದ ನಮ್ಮ ಹುಡುಗಿಯರಿಗೆ, ಎಲ್ಲರಿಗೂ ಮನಸಾರೆ ಧನ್ಯವಾದ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಹೊತ್ತೆಲ್ಲ ಒಬ್ಬರಿಗೆ ಬೇಕು, ಅವರನ್ನು ನಿಮ್ಮಲ್ಲಿ ಯಾರೂ ನೋಡಿಲ್ಲ.

ನಮ್ಮ ಬ್ಲಡ್ ಬ್ಯಾಂಕಿನಲ್ಲಿ ಒಬ್ಬ ಅಟೆಂಡರ್ ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅಣ್ಣ ಅಂತಿದ್ದೆ, ಅವರು ನನಗೆ ಸಾರ್ ಅಂತಿದ್ದರು. ಆಗ ಎಲ್ಲ ಗಾಜಿನ ಟ್ಯೂಬುಗಳೇ. ಬಳಸಿದ್ದನ್ನು ತೊಳೆದು, ಒಣಗಿಸಿ, ಸ್ಟ್ಯಾಂಡಿನಲ್ಲಿ ಜೋಡಿಸುವುದು ಅವರ ಕೆಲಸ. ಗ್ರೂಪಿಂಗಿಗೆ ಎಷ್ಟು ಬೇಕೋ ಅಷ್ಟನ್ನು ಎಣಿಸಿ ನನ್ನ ಎಡಗೈ ಪಕ್ಕಕ್ಕೆ ಇಡುತ್ತಿದ್ದರು.

1996ರ ಮಳೆಗಾಲ. ರಾತ್ರಿ ಹತ್ತೂವರೆಗೆ ಹೆರಿಗೆ ವಾರ್ಡಿನಿಂದ ಸ್ಯಾಂಪಲ್ ಬಂತು. ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಎರಡು ಬಾಟಲಿ ತುರ್ತಾಗಿ ಬೇಕು. ಗ್ರೂಪ್ ನೋಡಿದೆ: ಓ ಪಾಸಿಟಿವ್. ಫ್ರಿಡ್ಜಿನಲ್ಲಿ ಓ ಧಾರಾಳವಾಗಿತ್ತು. ಒಂದನ್ನು ತೆಗೆದು ಆಕೆಗೆ ಒಗ್ಗುತ್ತದೆಯೇ ಅಂತ ಕ್ರಾಸ್ ಮ್ಯಾಚ್ ಮಾಡಿದರೆ ಗಂಟು ಗಂಟು. ಎರಡನೆಯದೂ ಹಾಗೇ. ಮೂರು, ನಾಲ್ಕು, ಎಲ್ಲವೂ. ಫೋನ್ ಬಡಿದುಕೊಳ್ಳುತ್ತಲೇ ಇತ್ತು.

ನನಗೆ ಹೊಳೆದದ್ದು ಒಂದೇ: ಟ್ಯೂಬು ಕೊಳಕಾಗಿದೆ, ಸೋಪು ಉಳಿದಿದೆ. ಅಣ್ಣನ ಮೇಲೆ ರೇಗಿದೆ. ‘ಒಂದು ಟ್ಯೂಬು ತೊಳೆಯೋಕೂ ಬರಲ್ವಾ ನಿಮಗೆ?’ ಅಂದುಬಿಟ್ಟೆ, ವಾರ್ಡ್ ಬಾಯ್ ಎದುರಿಗೇ. ಅವರು ಮರುಮಾತಾಡಲಿಲ್ಲ. ಎಲ್ಲವನ್ನೂ ಮತ್ತೆ ತೊಳೆದು ತಂದರು. ಮತ್ತೆ ಮಾಡಿದೆ, ಮತ್ತೆ ಗಂಟು.

ಆಗ ಸ್ಟ್ಯಾಂಡಿನತ್ತ ಬೆರಳು ತೋರಿಸಿ ಅವರು ಹೇಳಿದ್ದು ಇಷ್ಟೇ. ‘ಸಾರ್, ಮೊದಲು ಗ್ರೂಪ್ ನೋಡುವಾಗ ಆ ಕಡೆಗೆ ಮೂರು ಟ್ಯೂಬು ಇಟ್ಟಿದ್ದೆ. ಎರಡೇ ಬಳಸಿದ್ದೀರಿ. ಮೂರನೆಯದು ಒಣಗೇ ಇದೆ.’

ಸಭೆಯಲ್ಲಿ ಲೆಕ್ಕಪತ್ರದವರೂ ಇದ್ದಾರೆ, ಅವರಿಗಾಗಿ ಬಿಡಿಸಿ ಹೇಳ್ತೀನಿ. ಗುಂಪನ್ನು ಎರಡು ಕಡೆಯಿಂದ ನೋಡಬೇಕು. ರೋಗಿಯ ಕೆಂಪು ಕಣದ ಮೇಲೆ ಏನಿದೆ ಅನ್ನುವುದು ಒಂದು ಕಡೆ. ಆಕೆಯ ಸೀರಮ್ಮು ಯಾವ ಕಣವನ್ನು ಗಂಟು ಕಟ್ಟಿಸುತ್ತದೆ ಅನ್ನುವುದು ಇನ್ನೊಂದು. ಈ ಎರಡನೇ ಕಡೆಗೆ ಎ ಕಣ, ಬಿ ಕಣ, ಓ ಕಣ ಅಂತ ಮೂರು ಟ್ಯೂಬು. ಓ ಗುಂಪಿನವರ ಸೀರಮ್ಮು ಎ, ಬಿ ಎರಡನ್ನೂ ಗಂಟು ಕಟ್ಟಿಸುತ್ತದೆ, ಓ ಕಣವನ್ನು ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಅಂತ ಗೊತ್ತೇ ಇದೆಯಲ್ಲ ಅಂತ ಅವಸರದಲ್ಲಿ ಮೂರನೆಯದನ್ನು ನಾನು ಬಿಟ್ಟಿದ್ದೆ. ಅದೇ ಮೊದಲಲ್ಲ, ಎಷ್ಟೋ ರಾತ್ರಿ ಬಿಟ್ಟಿದ್ದೆ.

ಹಾಕಿದೆ. ಸೆಂಟ್ರಿಫ್ಯೂಜಿನಿಂದ ತೆಗೆದು ಅಲ್ಲಾಡಿಸಿದರೆ ತಳದಲ್ಲಿ ಗಟ್ಟಿ ಕೆಂಪು ಗುಂಡಿ. ಆಕೆಯ ಸೀರಮ್ಮನ್ನು ಆಕೆಯದೇ ಕಣಕ್ಕೆ ಹಾಕಿದೆ, ಗಂಟಿಲ್ಲ. ಅಂದರೆ ಸೀರಮ್ಮಿಗೆ ತನ್ನ ಕಣ ಒಗ್ಗುತ್ತದೆ, ಬೇರೆ ಯಾರದ್ದೂ ಒಗ್ಗುವುದಿಲ್ಲ. ಕೊನೆಗೆ ಆಂಟಿ-ಎಚ್ ತೆಗೆದೆ. ಓ ಗುಂಪಿನವರ ಕಣದ ಮೇಲೆ ಎಚ್ ಅನ್ನುವುದು ತುಂಬಿರುತ್ತದೆ. ನನ್ನದೂ ಓ ಗುಂಪೇ, ಬೆರಳು ಚುಚ್ಚಿಕೊಂಡು ಪಕ್ಕದಲ್ಲಿ ಹೋಲಿಕೆಗೆ ಇಟ್ಟೆ. ನನ್ನದು ತಕ್ಷಣ ಗಂಟು ಕಟ್ಟಿತು. ಆಕೆಯದು ಹಾಲಿನ ಹಾಗೆ ನಯ.

ಬಾಂಬೆ ಗುಂಪು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ್ದು. ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು. ಓದಿದ್ದೆ, ನೋಡಿರಲಿಲ್ಲ. ಫ್ರಿಡ್ಜಿನ ಅಷ್ಟೂ ರಕ್ತ ಆಕೆಯ ಪಾಲಿಗೆ ವಿಷ.

ಅಣ್ಣನ ಪಾಳಿ ಹತ್ತಕ್ಕೇ ಮುಗಿದಿತ್ತು. ‘ಹಾಗಾದ್ರೆ ಯಾರದು ಆಗುತ್ತೆ ಸಾರ್?’ ಅಂದರು. ಒಡಹುಟ್ಟಿದವರದ್ದು ಆದರೆ ಆಗಬಹುದು ಅಂದೆ. ತಂದೆತಾಯಿ ಇಬ್ಬರಲ್ಲೂ ಆ ಗುಣ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅವಕಾಶ. ಸೋದರಮಾವನಿಗೆ ಕೊಡುವ ಮನೆಗಳಲ್ಲಿ ಹೀಗೆ ಅಡಗಿದ್ದು ಎರಡೂ ಕಡೆಯಿಂದ ಕೂಡುವುದು ಹೆಚ್ಚು. ಅವರು ಟವೆಲ್ ತಲೆಗೆ ಹಾಕಿಕೊಂಡು ಮಳೆಯಲ್ಲೇ ಹೊರಗೆ ಹೋದರು. ಗೇಟಿನ ಹತ್ತಿರ, ಟೀ ಅಂಗಡಿಯ ಶೆಡ್ಡಿನ ಕೆಳಗೆ, ಮಲಗಿದವರನ್ನೆಲ್ಲ ಎಬ್ಬಿಸಿ ಆಕೆಯ ಒಂದೇ ಹೊಟ್ಟೆಯವರು ಯಾರಪ್ಪ ಅಂತ ಕೇಳಿದರು. ಮೂವರನ್ನು ಕರೆತಂದರು. ಆಕೆಯ ಅಕ್ಕ, ಆಕೆಯ ಅಣ್ಣ ಇಬ್ಬರದ್ದೂ ಆಗಲಿಲ್ಲ. ಕೊನೇ ತಮ್ಮ, ಇಪ್ಪತ್ತು ದಾಟಿದ ಹುಡುಗ, ಅವನ ಕಣವೂ ನಯವಾಗಿ ಹರಡಿತು.

ಕಡ್ಡಾಯ ಪರೀಕ್ಷೆಗಳು ಮುಗಿದು ಬಾಟಲಿ ವಾರ್ಡಿಗೆ ಹೋಗುವಾಗ ಹಾಲಿನ ಗಾಡಿ ಬರುವ ಹೊತ್ತು. ಅಲ್ಲಿಯವರೆಗೆ ವಾರ್ಡಿನವರು ಆಕೆಯನ್ನು ಹೇಗೆ ಹಿಡಿದಿಟ್ಟರೋ, ಅದು ಅವರ ಕಥೆ. ಈಗಾದರೆ ರಕ್ತಸಂಬಂಧಿಯದ್ದನ್ನು ಇರ್‍ರೇಡಿಯೇಟ್ ಮಾಡದೆ ಕೊಡಬಾರದು ಅಂತೀವಿ. ಕೊಟ್ಟ ಕಣಗಳು ಪಡೆದವರ ದೇಹದ ಮೇಲೇ ತಿರುಗಿ ಬೀಳುವ ಅಪಾಯ ಅದು. ಆಗ ನಮ್ಮಲ್ಲಿ ಆ ಯಂತ್ರ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಹನ್ನೊಂದನೇ ದಿನ ತಾಯಿ ಮಗು ಮನೆಗೆ ಹೋದರು.

ಆ ಬೆಳಿಗ್ಗೆ ದೊಡ್ಡ ಡಾಕ್ಟರು ನನ್ನ ಬೆನ್ನು ತಟ್ಟಿದರು. ಅಣ್ಣ ಪಕ್ಕದಲ್ಲೇ ಟ್ಯೂಬು ತೊಳೆಯುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಅವರು ನಿವೃತ್ತರಾದ ದಿನ, ಇದೇ ಹಾಲಿನಲ್ಲಿ, ನನಗೂ ಮೈಕ್ ಕೊಟ್ಟಿದ್ದರು. ‘ಪ್ರಾಮಾಣಿಕರು, ಶಿಸ್ತಿನವರು’ ಅಂತ ಏನೋ ಹೇಳಿ ಕೂತೆ. ಈ ಕಥೆ ಹೇಳಿದ್ದರೆ ಆ ಒಣ ಟ್ಯೂಬಿನ ಕಥೆಯನ್ನೂ ಹೇಳಬೇಕಾಗುತ್ತಿತ್ತಲ್ಲ. ಮುಂದೆ ಯಾವಾಗಲಾದರೂ ಹೇಳಿದರಾಯಿತು ಅಂದುಕೊಂಡೆ. ಅವರು ಹೋದದ್ದು ನನಗೆ ಗೊತ್ತಾದದ್ದೇ ತಿಥಿಯೆಲ್ಲ ಮುಗಿದ ಮೇಲೆ.

ಒಂದು ನಿಮಿಷ. ನೀರು ಕೊಡಿ.

ನಿಮ್ಮ ಕಾಲಕ್ಕೆ ಜೆಲ್ ಕಾರ್ಡು ಬಂದಿದೆ, ಬಾರ್‌ಕೋಡು ಬಂದಿದೆ, ನನ್ನ ಹಾಗೆ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಬೇಕಿಲ್ಲ. ಆದರೆ ನಾವು ದಿನಾ ಬಳಸುವ ಆರು ಗುಂಡಿಯ ಕಾರ್ಡನ್ನು ಇವತ್ತು ಕೈಯಲ್ಲಿ ಹಿಡಿದು ನೋಡಿ. ಎ, ಬಿ, ಡಿ, ಕಂಟ್ರೋಲು, ಮತ್ತೆ ಎ ಕಣ, ಬಿ ಕಣ. ಓ ಕಣಕ್ಕೆ ಅದರಲ್ಲಿ ಜಾಗವೇ ಇಲ್ಲ. ಆ ಹೆಂಗಸು ಇವತ್ತು ಬಂದರೂ ಕಾರ್ಡು ಅಚ್ಚುಕಟ್ಟಾಗಿ ಓ ಅಂತಲೇ ತೋರಿಸುತ್ತದೆ. ಅದಕ್ಕೇ ಬೆಂಚಿನ ಕೊನೆಯಲ್ಲಿ ಆ ಹಳೇ ಸ್ಟ್ಯಾಂಡು, ಅದರಲ್ಲಿ ಓ ಕಣದ ಟ್ಯೂಬು. ಮುದುಕನ ಮೊಂಡು ಅಂತ ನೀವು ನಗುತ್ತಿದ್ದದ್ದು ನನಗೆ ಗೊತ್ತು. ಅದು ಮೊಂಡಲ್ಲ, ನಾಚಿಕೆ.

ಹೋದ ಭಾನುವಾರ ಮಾಗಡಿ ರಸ್ತೆಯ ಅಣ್ಣನ ಮನೆ ಹುಡುಕಿಕೊಂಡು ಹೋಗಿದ್ದೆ. ಅತ್ತಿಗೆ ಇದ್ದಾರೆ. ನಾನು ರೇಗಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನಕ್ಕು, ‘ಮನೇಲೂ ಹಾಗೇ ಕಣಪ್ಪ. ರಾತ್ರಿ ಲೋಟ ಎಣಿಸದೇ ಮಲಗಿದೋರಲ್ಲ’ ಅಂದರು. ಕಾಫಿ ಕೊಟ್ಟರು. ಕುಡಿದು ಲೋಟ ತೊಳೆದಿಡೋಣ ಅಂತ ಎದ್ದೆ, ಬಿಡಲಿಲ್ಲ.