ಪುಟ್ಟಿಯ ಎಫ್‌ಡಿ ವಿಚಾರ

ಮೂಡಿಗೆರೆ

ಪುಟ್ಟೀ,

‘ವರ್ಷಕ್ಕೊಂದೇ ಸಲ ಬಡ್ಡಿ ಸೇರಿಸೋ ಕಡೆ ಲಕ್ಷ ರೂಪಾಯಿ ಇಟ್ಟು ಮೋಸಹೋದೆನಾ ದೊಡ್ಡಪ್ಪ?’ ಅಂತ ಬರೆದಿದ್ದೀಯಲ್ಲ, ಬೇರೆಲ್ಲ ಓದಿ ಮಡಚಿಟ್ಟೆ, ಆ ಸಾಲು ಮಾತ್ರ ನಿದ್ದೆ ಕೊಡಲಿಲ್ಲ. ಎದ್ದು ಬಟವಾಡೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ.

ವರ್ಷಕ್ಕೊಮ್ಮೆ ಬಡ್ಡಿ ಸೇರಿಸೋ ನಿನ್ನ ಬ್ಯಾಂಕು, ಮೂರು ತಿಂಗಳಿಗೊಮ್ಮೆ ಸೇರಿಸೋ ಇನ್ನೊಂದು ಬ್ಯಾಂಕು, ದರ ಎರಡೂ ಕಡೆ ಶೇಕಡಾ 7 ಅಂತ ಇಟ್ಟುಕೋ. ನಿನ್ನ ಕಡೆ ಮೊದಲ ವರ್ಷದ ಬಡ್ಡಿ 7,000. ಇನ್ನೊಂದು ಕಡೆ ಮೂರು ತಿಂಗಳಿಗೆ 1,750 ಬಂದು ಅಸಲಿಗೆ ಸೇರುತ್ತೆ. ಆಮೇಲಿನ ಮೂರು ತಿಂಗಳ ಬಡ್ಡಿ 1,01,750ರ ಮೇಲೆ, ಅಂದರೆ 1,781. ಹೀಗೇ 1,812, ಆಮೇಲೆ 1,843. ವರ್ಷಕ್ಕೆ 7,186. ಹೆಚ್ಚು ಬಂದದ್ದು 186 ರೂಪಾಯಿ! ಐದು ವರ್ಷಕ್ಕೆ ಅವರದು 1,41,478, ನಿನ್ನದು 1,40,255. ನೀನು ‘ಮೋಸ’ ಅಂದದ್ದು ಈ 1,223 ರೂಪಾಯಿಗೆ. ಅದೂ ದರ ಒಂದೇ ಇದ್ದರೆ. ನಿನ್ನ ಬ್ಯಾಂಕಿನವರು 7.2 ಕೊಡ್ತಿದ್ದರೆ ನಿನಗೆ 1,41,571, ನೀನೇ ಒಂದು ಕೂದಲೆಳೆ ಮುಂದೆ.

ನಿಜವಾಗಿ ಕಳೆದುಕೊಂಡವನು ನಾನು. ಒಂದು ವರ್ಷ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತ್ತು. ಕೌಂಟರಿನಲ್ಲಿ ನಾನೇ ಜಂಬದಿಂದ, ‘ಮೂರು ತಿಂಗಳಿಗೊಮ್ಮೆ ಬಡ್ಡಿ ಬರೋ ಹಾಗೆ ಮಾಡಿ’ ಅಂದೆ. ಅವರು ಹೇಳಿದಂತೆಯೇ ಮಾಡಿದರು. ಬಡ್ಡಿ ಅಸಲಿಗೆ ಸೇರಲಿಲ್ಲ, ಎಸ್‌ಬಿ ಖಾತೆಗೆ ಬಂತು. ಬಂದದ್ದು ಬಟವಾಡೆಗೆ, ಗೊಬ್ಬರದ ಅಂಗಡಿಗೆ ಹೋಯಿತು. ದುಡ್ಡು ಬೆಳೀತಿದೆ ಅಂತ ಐದು ವರ್ಷ ನಂಬಿಕೊಂಡಿದ್ದೆ. ಬಾಂಡ್ ಒಯ್ದಾಗ ಇಟ್ಟಷ್ಟೇ ಕೈಗೆ ಬಂತು. ನಿನ್ನ ದೊಡ್ಡಮ್ಮ ‘ಎಷ್ಟಾಯ್ತು?’ ಅಂದಾಗ ನಾನು ತೋಟದ ಕಡೆ ಎದ್ದುಹೋದೆ. ಈವತ್ತಿಗೂ ಆ ಮಾತು ಅವಳ ಹತ್ತಿರ ಆಡಿಲ್ಲ, ನೀನೂ ಆಡಬೇಡ.

ನಿನ್ನ ಲಕ್ಷಕ್ಕೇ ಆ ಲೆಕ್ಕ ಹಿಡಿದರೆ ಇಪ್ಪತ್ತು ಸಲ 1,750, ಬಡ್ಡಿ 35,000ಕ್ಕೇ ನಿಂತಿತು. ಅಸಲಿಗೆ ಸೇರಿದ್ದರೆ 41,478. ಎಸ್‌ಬಿಯ ಚೂರುಪಾರು ಬಡ್ಡಿ ಬಿಟ್ಟರೆ ಆರೂವರೆ ಸಾವಿರದಷ್ಟು ಹೋಯಿತು. ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಅಂತ ನೀನು ಹೆದರಿದ್ದೀಯ. ಬಡ್ಡಿ ಎಲ್ಲಿಗೆ ಹೋಗಿ ಸೇರುತ್ತೆ ಅಂತ ನಾನು ಕೇಳಲೇ ಇಲ್ಲ ನೋಡು.

ನನ್ನಂಥವನು ಹೇಳೋದು ಸರಿಯೋ ಏನೋ, ಆದರೂ ಬಾಂಡ್ ತೆಗೆದು ಮೆಚ್ಯೂರಿಟಿ ಮೊತ್ತ ನೋಡು. ಅಲ್ಲೂ ಬರೀ ಒಂದು ಲಕ್ಷ ಅಂತಿದ್ದರೆ ಬಡ್ಡಿ ಖಾತೆಗೆ ಹೋಗ್ತಿದೆ ಅಂತ. 1,40,255 ಇದ್ದರೆ ಮೋಸ ಗೀಸ ಏನಿಲ್ಲ, ಹಾಗೇ ಬಿಡು. ಸಿಟ್ಟಿನಲ್ಲಿ ಒಡೆಯೋಕೆ ಹೋಗಬೇಡ, ಅವಧಿಗೆ ಮುಂಚೆ ಒಡೆದರೆ ದರ ಕಡಿಮೆ ಮಾಡ್ತಾರೆ. ಬೇರೆ ಕಡೆ ಸಿಗೋ ಆ 186 ಅಲ್ಲೇ ಕರಗುತ್ತೆ.

ಬಾಂಡಿನ ಫೋಟೊ ಕಳಿಸು. ದೊಡ್ಡಮ್ಮನ ಫೋನಿಗಲ್ಲ, ನನ್ನದಕ್ಕೆ.

ಇತಿ,
ದೊಡ್ಡಪ್ಪ