ಬೋರ್ಡ್ ಸ್ಥಿತಿ: ಸೋಮವಾರ

ಸರ್, ಮೇಲಿನ ಸ್ಕ್ರೀನ್‌ಶಾಟ್ ಬೆಳಿಗ್ಗೆ 10ರದು. ದಾವಣಗೆರೆ ಮೆಕ್ಕೆಜೋಳ ಮಂಡಿ ಬಿಲ್ಲಿಂಗ್ ಆ್ಯಪ್‌ದು ಒಟ್ಟು 7 ಕಾರ್ಡ್, ಅದರಲ್ಲಿ 3 Done, ಅವನ್ನು ಬಿಡಿ.

ತೂಕದ ಚೀಟಿ ಪ್ರಿಂಟ್ ಮಂಜು ಅವರದು. ಕೋಡ್ ಮುಗಿದಿದೆ, ಆದರೆ ಪರಿಶೀಲಿಸೋರು ಯಾರು ಅಂತ ಹಾಕಿಲ್ಲದ ಕಾರಣ ಗುರುವಾರದಿಂದ ಸುಮ್ನೆ Review ಕಾಲಮ್‌ನಲ್ಲೇ ಕೂತಿದೆ. ಇವತ್ತು ನಾನೇ ನೋಡ್ತೇನೆ.

In Progressನಲ್ಲಿ ಎರಡು. ಹಮಾಲಿ ಲೆಕ್ಕ ರೇಖಾ ಅವರದು, ನಾಳೆ ಸಂಜೆಗೆ ಮುಗಿಯುತ್ತದೆ. ರೈತರಿಗೆ ಎಸ್‌ಎಂಎಸ್ ಕಾರ್ಡಲ್ಲಿ ಇಬ್ಬರ ಫೋಟೋ ಕಾಣ್ತಿದೆ ಅಲ್ವಾ, ಅದೇ ತೊಂದರೆ: ಇನ್ನೊಬ್ಬರು ಮಾಡ್ತಾರೆ ಅಂತ ಇಬ್ಬರೂ ಬಿಟ್ಟಿದ್ದರು, ಹಾಗಾಗಿ ಕೆಲಸ ಶುರುವೇ ಆಗಿಲ್ಲ. ಈಗ ಇರ್ಫಾನ್ ಒಬ್ಬರ ಹೆಸರಿಗೆ ಬದಲಾಯಿಸಿದ್ದೇನೆ, ಚಿತ್ರದಲ್ಲಿ ಹಳೆಯದೇ ಇದೆ.

To Doನಲ್ಲಿರೋ ಬ್ಯಾಕಪ್ ಕಾರ್ಡಿಗೆ ಯಾರೂ ಇಲ್ಲ. ಯಾರಿಗೆ ಕೊಡೋಣ, ಮಧ್ಯಾಹ್ನದೊಳಗೆ ಹೇಳಿ ಸರ್.