ಪ್ರತಿದಿನ ಬೆಳಿಗ್ಗೆ ಬರುವ ಆಕ್ಯುಪೆನ್ಸಿ ಮತ್ತು ಸರಾಸರಿ ಕೊಠಡಿ ದರದ ವರದಿಯಲ್ಲಿನ ದೋಷಗಳ ಕುರಿತು ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಾನು 24 ಕೊಠಡಿಗಳ ಒಂದು ಸಣ್ಣ ಹೋಟೆಲಿನ ವ್ಯವಸ್ಥಾಪಕನಾಗಿದ್ದು, ತಮ್ಮ ಸಂಸ್ಥೆಯ ಹೋಟೆಲ್ ನಿರ್ವಹಣಾ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಅದು ದಿನವೂ ಬೆಳಿಗ್ಗೆ ಇಮೇಲ್ ಮೂಲಕ ಕಳುಹಿಸುವ ವರದಿಯನ್ನು ನೋಡಿಯೇ ಆ ದಿನದ ದರಗಳನ್ನು ನಿರ್ಧರಿಸುತ್ತೇನೆ. ತಾವು ತಂತ್ರಾಂಶವನ್ನು ಕಳೆದ ಬಾರಿ ನವೀಕರಿಸಿದಂದಿನಿಂದ ಈ ವರದಿಯ ಸರಾಸರಿ ದರ ತಪ್ಪಾಗಿ ಬರುತ್ತಿದೆ. ಫೋನಿನಲ್ಲಿ ದೂರು ನೀಡಿದಾಗ ತಮ್ಮ ಸಿಬ್ಬಂದಿ ಲೆಕ್ಕ ಸರಿಯಾಗಿಯೇ ಇದೆ ಎಂದು ಉತ್ತರಿಸಿದ್ದರಿಂದ, ವಿಷಯವನ್ನು ಲಿಖಿತವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಒಂದು ರಾತ್ರಿಯ ಲೆಕ್ಕವನ್ನೇ ನೋಡಿ. ಅಂದು 18 ಕೊಠಡಿಗಳಲ್ಲಿ ಜನರಿದ್ದರು. ಅವುಗಳಲ್ಲಿ 2 ಅತಿಥಿಗಳಿಗೆ ಉಚಿತವಾಗಿ ಕೊಟ್ಟವು, 1 ನಮ್ಮ ಸಿಬ್ಬಂದಿ ತಂಗಿದ್ದ ಹೌಸ್ ಯೂಸ್ ಕೊಠಡಿ. ಬಾಡಿಗೆಗೆ ಹೋದವು 15 ಮಾತ್ರ. ತೆರಿಗೆ ಮತ್ತು ಊಟೋಪಹಾರ ಬಿಟ್ಟು ಕೊಠಡಿ ಬಾಡಿಗೆಯಿಂದ ಬಂದ ಆದಾಯ 45,000. ಈ ಮೊತ್ತವನ್ನು ಮಾರಾಟವಾದ 15 ಕೊಠಡಿಗಳಿಂದ ಭಾಗಿಸಿದರೆ ಸರಾಸರಿ ದರ 3,000 ಆಗಬೇಕು. ತಮ್ಮ ವರದಿಯು 18ರಿಂದ ಭಾಗಿಸಿ 2,500 ಎಂದು ತೋರಿಸಿದೆ, ಆಕ್ಯುಪೆನ್ಸಿಯನ್ನು ಶೇ. 75 ಎಂದು ಹೇಳಿದೆ. ಬಾಡಿಗೆಗೆ ಹೋದ ಕೊಠಡಿಗಳನ್ನಷ್ಟೇ ಹಿಡಿದರೆ ಅದು ಶೇ. 62.5 ಮಾತ್ರ. ಉಚಿತ ಕೊಠಡಿಗಳನ್ನು ಆಕ್ಯುಪೆನ್ಸಿಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯೂ ಕೆಲವೆಡೆ ಇರುವುದರಿಂದ, ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ಒಂದು ಪೈಸೆಯ ಬಾಡಿಗೆಯೂ ಬಾರದ ಕೊಠಡಿಯನ್ನು ಸರಾಸರಿ ದರದ ಭಾಜಕಕ್ಕೆ ಸೇರಿಸುವುದು ಸರಿಯಲ್ಲ.

ಆಕ್ಯುಪೆನ್ಸಿಯನ್ನು ಸರಾಸರಿ ದರದಿಂದ ಗುಣಿಸಿದಾಗ ರೆವ್‌ಪಾರ್, ಅಂದರೆ ಲಭ್ಯವಿರುವ ಪ್ರತಿ ಕೊಠಡಿಗೆ ಬಂದ ಆದಾಯ, ತಾಳೆಯಾಗುತ್ತದೆ ಎಂಬುದೇ ತಮ್ಮ ಸಿಬ್ಬಂದಿ ಕೊಟ್ಟ ಸಮರ್ಥನೆ. ತಾಳೆಯಾಗುವುದು ನಿಜ: ಶೇ. 75ನ್ನು 2,500ರಿಂದ ಗುಣಿಸಿದರೂ 1,875, ಶೇ. 62.5ನ್ನು 3,000ದಿಂದ ಗುಣಿಸಿದರೂ 1,875. ಮಾರಾಟವಾದ ಕೊಠಡಿಗಳ ಸಂಖ್ಯೆ ಒಂದು ಕಡೆ ಅಂಶವಾಗಿಯೂ ಇನ್ನೊಂದು ಕಡೆ ಛೇದವಾಗಿಯೂ ಇರುವುದರಿಂದ, ಅಲ್ಲಿ ಯಾವ ಸಂಖ್ಯೆ ಹಾಕಿದರೂ ಅದು ಹೊಡೆದುಹೋಗುತ್ತದೆ. ಆದ್ದರಿಂದ ಈ ತಾಳೆಯಿಂದ ನಾನು ಹೇಳುತ್ತಿರುವ ತಪ್ಪು ಎಂದಿಗೂ ಸಿಕ್ಕಿಬೀಳುವುದಿಲ್ಲ. ಅದನ್ನು ಪತ್ತೆಹಚ್ಚಲು ಶೂನ್ಯ ಬಾಡಿಗೆಯ ಕೊಠಡಿಗಳ ಪಟ್ಟಿಯನ್ನು ತೆರೆದು ನೋಡಲೇಬೇಕು.

ಇದರಿಂದ ಆಗುವ ಹಾನಿ ಸಣ್ಣದಲ್ಲ. ಶೇ. 75 ಆಕ್ಯುಪೆನ್ಸಿ ಮತ್ತು 2,500 ದರ ನೋಡಿದ ವ್ಯವಸ್ಥಾಪಕ, ಕೊಠಡಿಗಳು ಅಗ್ಗವಾಗಿ ಹೋಗುತ್ತಿವೆಯೆಂದು ತಿಳಿದು ರಿಯಾಯಿತಿಗಳನ್ನು ನಿಲ್ಲಿಸುತ್ತಾನೆ. ವಾಸ್ತವದಲ್ಲಿ ದರ ಚೆನ್ನಾಗಿಯೇ ಇದ್ದು, ಕೊಠಡಿಗಳೇ ಖಾಲಿ ಉಳಿದಿರುತ್ತವೆ. ಅಂದರೆ ವರದಿ ಸೂಚಿಸುವ ಕ್ರಮ, ಆಗ ಬೇಕಾದ ಕ್ರಮಕ್ಕೆ ನೇರ ವಿರುದ್ಧವಾಗಿರುತ್ತದೆ.

ಎರಡನೆಯ ದೋಷ ಸಮಯಕ್ಕೆ ಸಂಬಂಧಿಸಿದ್ದು. ಮೊದಲು ನೈಟ್ ಆಡಿಟ್ ಮುಗಿದು ದಿನದ ಲೆಕ್ಕ ಮುಚ್ಚಿದ ಮೇಲೆ ಹೊರಡುತ್ತಿದ್ದ ವರದಿ, ಈಗ ಗಡಿಯಾರ ನೋಡಿ ಬೆಳಿಗ್ಗೆ 6 ಗಂಟೆಗೆ ಹೊರಡುತ್ತಿದೆ. ಅತಿಥಿಗಳು ತಡರಾತ್ರಿ ಬಂದು ಆಡಿಟ್ ತಡವಾದ ದಿನ, ಬಾಡಿಗೆ ಇನ್ನೂ ಪೋಸ್ಟ್ ಆಗಿರುವುದಿಲ್ಲ. ಮುಂಜಾನೆ ಹೊರಡುವವರಿಗಾಗಿ ಫ್ರಂಟ್ ಆಫೀಸಿನವರು ಮೊದಲೇ ಹಾಕಿಟ್ಟ ನಾಲ್ಕಾರು ಕೊಠಡಿಗಳ ಹಣವಷ್ಟೇ ಆದಾಯವೆಂದು ಬಂದು, ಅದನ್ನು ಎಲ್ಲ ಕೊಠಡಿಗಳಿಂದ ಭಾಗಿಸಲಾಗುತ್ತದೆ. ಅಷ್ಟು ಕಡಿಮೆ ದರ ಕಂಡಾಗ ಯಾರಿಗಾದರೂ ಅನುಮಾನ ಬಂದೀತು. ಆದರೆ ತಿಂಗಳ ಆರಂಭದಿಂದ ಇಂದಿನವರೆಗಿನ ಕಾಲಂನಲ್ಲಿ ಅದೇ ಅಪೂರ್ಣ ಮೊತ್ತ ಸೇರಿಕೊಂಡು, ಆಡಿಟ್ ಮುಗಿದ ನಂತರವೂ ತಿದ್ದುಪಡಿಯಾಗದೆ ಉಳಿಯುತ್ತಿರುವುದು ಹೆಚ್ಚು ಗಂಭೀರ ವಿಷಯ.

ಆದ್ದರಿಂದ ಉಚಿತ ಮತ್ತು ಹೌಸ್ ಯೂಸ್ ಕೊಠಡಿಗಳನ್ನು ಸರಾಸರಿ ದರದ ಲೆಕ್ಕದಿಂದ ಕೈಬಿಟ್ಟು ಬೇರೆ ಸಾಲುಗಳಲ್ಲಿ ತೋರಿಸಬೇಕೆಂದೂ, ದಿನದ ಲೆಕ್ಕ ಮುಚ್ಚಿದ ನಂತರವೇ ವರದಿ ಹೊರಡುವಂತೆ ಮಾಡಬೇಕೆಂದೂ ಕೋರುತ್ತೇನೆ. ಆಡಿಟ್ ತಡವಾದರೆ ವರದಿಯೂ ತಡವಾಗಿ ಬರಲಿ, ಅದಕ್ಕೆ ನಾನು ಕಾಯುತ್ತೇನೆ. ನವೀಕರಣದ ದಿನದಿಂದ ಈವರೆಗಿನ ಎಲ್ಲ ವರದಿಗಳನ್ನೂ ಸರಿಪಡಿಸಿ ಮರಳಿ ಕಳುಹಿಸಬೇಕು. ಮೇಲೆ ಹೇಳಿದ ರಾತ್ರಿಯ ವರದಿ, ಕೊಠಡಿವಾರು ಬಾಡಿಗೆ ಪಟ್ಟಿ ಹಾಗೂ ಆಡಿಟ್ ಮುಗಿದ ಸಮಯದ ದಾಖಲೆಯನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ವಾರ್ಷಿಕ ಚಂದಾ ನವೀಕರಣವನ್ನು ತಡೆಹಿಡಿಯುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ವ್ಯವಸ್ಥಾಪಕ